ಪೆನ್ ಡ್ರೈವ್‌ನಿಂದ ಫೈಲ್ ಡಿಲೀಟ್ ಆಯಿತೇ? ಮೊದಲು ಅದನ್ನು ಕಳಚಿಡಿ

ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ಇಂಥದ್ದು ಆಗಾಗ ನಡೆಯುತ್ತದೆ. ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟ್ ವರದಿ ಪ್ರಿಂಟ್ ಹಾಕಿಸಲು ಪೆನ್ ಡ್ರೈವ್ ಕೊಡುತ್ತಾಳೆ. ಹಳೆಯ ಕರಡುಗಳನ್ನು ತೆಗೆಯಲು ಹೋಗಿ ಅಂತಿಮ ಪ್ರತಿಯೇ ಡಿಲೀಟ್ ಆಗಿಬಿಡುತ್ತದೆ. "ರೀಸೈಕಲ್ ಬಿನ್‌ನಲ್ಲಿ ಇರುತ್ತೆ ಬಿಡಮ್ಮ" ಎಂದು ಅಂಗಡಿಯವರು ತೆರೆದು ನೋಡಿದರೆ ಅಲ್ಲಿ ಏನೂ ಇಲ್ಲ.

ರೀಸೈಕಲ್ ಬಿನ್ ಇಡೀ ಕಂಪ್ಯೂಟರ್‌ಗೆ ಒಂದೇ ಎಂಬಂತೆ ಕಂಡರೂ ವಾಸ್ತವ ಹಾಗಿಲ್ಲ. ವಿಂಡೋಸ್ ಪ್ರತಿ ಹಾರ್ಡ್ ಡಿಸ್ಕ್ ವಿಭಾಗದಲ್ಲೂ $Recycle.Bin ಎಂಬ ಅಡಗಿದ ಫೋಲ್ಡರ್ ಇಟ್ಟಿರುತ್ತದೆ. ನೀವು ಡಿಲೀಟ್ ಮಾಡಿದ ಫೈಲು ಇದ್ದ ಡಿಸ್ಕ್‌ನಲ್ಲೇ ಉಳಿದು, ಹೊಸ ಹೆಸರಿನಲ್ಲಿ ಆ ಫೋಲ್ಡರ್‌ಗೆ ಸೇರುತ್ತದೆ. ಅದು ಮೊದಲು ಎಲ್ಲಿತ್ತು ಎಂಬ ವಿವರವೂ ಪಕ್ಕದಲ್ಲೇ ದಾಖಲಾಗುತ್ತದೆ. ಆದರೆ ಪೆನ್ ಡ್ರೈವ್ ಸಿಕ್ಕಿಸಿದ ಕೂಡಲೇ ತಾನು ಕಳಚಬಹುದಾದ ಸಾಧನ ಎಂದು ಕಂಪ್ಯೂಟರ್‌ಗೆ ತಿಳಿಸುತ್ತದೆ. ಅಂಥ ಸಾಧನದಲ್ಲಿ ವಿಂಡೋಸ್ ಬಿನ್ ಇಡುವುದಿಲ್ಲ. ಇಟ್ಟಿದ್ದರೆ, ಜಾಗ ಖಾಲಿ ಮಾಡಲೆಂದು ಫೈಲು ಅಳಿಸಿದರೂ ಜಾಗ ಸಿಗುತ್ತಿರಲಿಲ್ಲ. ಮ್ಯಾಕ್‌ನಲ್ಲಿ ಹಾಗೇ ಆಗುತ್ತದೆ. ಅಲ್ಲಿ ಪೆನ್ ಡ್ರೈವ್‌ನ ಒಳಗೇ.Trashes ಫೋಲ್ಡರ್ ಇರುವುದರಿಂದ ಟ್ರ್ಯಾಶ್ ಖಾಲಿ ಮಾಡುವವರೆಗೂ ಜಾಗ ಬಿಡುಗಡೆಯಾಗುವುದಿಲ್ಲ. ಯುಎಸ್‌ಬಿ ಮೂಲಕವೇ ಸಿಕ್ಕಿಸುವ ಹೊರಗಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ತನ್ನನ್ನು ಸ್ಥಿರ ಡಿಸ್ಕ್ ಎಂದು ಹೇಳಿಕೊಳ್ಳುತ್ತದೆ. ಹಾಗಾಗಿ ಅದರಲ್ಲಿ ಅಳಿಸಿದ್ದು ಬಿನ್‌ನಲ್ಲಿ ಸಿಗುತ್ತದೆ. ಪೆನ್ ಡ್ರೈವ್‌ನಲ್ಲಿ ಡಿಲೀಟ್ ಒತ್ತಿದಾಗ "ಶಾಶ್ವತವಾಗಿ ಅಳಿಸಬೇಕೇ?" ಎಂದು ಕೇಳುವ ಕಿಟಕಿಯನ್ನು ನಾವು ಓದದೆಯೇ ಒಪ್ಪಿಬಿಡುತ್ತೇವೆ.

ಹಾಗೆಂದು ವರದಿ ಆಗಲೇ ನಾಶವಾಗಿದೆಯೇ? ಇಲ್ಲ. ಹೆಚ್ಚಿನ ಪೆನ್ ಡ್ರೈವ್‌ಗಳಲ್ಲಿ ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್ ಎಂಬ ವ್ಯವಸ್ಥೆ ಇರುತ್ತದೆ. ಆ ವಿದ್ಯಾರ್ಥಿನಿಯ ಪೆನ್ ಡ್ರೈವ್ ಎಫ್‌ಎಟಿ32ರದ್ದು, ವರದಿ 2 ಎಂಬಿಯದ್ದು ಎಂದುಕೊಳ್ಳೋಣ. 8 ಕೆಬಿಯ ತುಂಡುಗಳಾದರೆ ಅದು 256 ತುಂಡುಗಳಲ್ಲಿ ಕೂತಿರುತ್ತದೆ. ಡಿಲೀಟ್ ಒತ್ತಿದಾಗ ವಿಂಡೋಸ್ ಈ ತುಂಡುಗಳನ್ನು ಮುಟ್ಟುವುದೇ ಇಲ್ಲ. ಪಟ್ಟಿಯಲ್ಲಿ ಫೈಲಿನ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಹಾಕಿ, ಯಾವ ತುಂಡಿನ ನಂತರ ಯಾವುದು ಎಂಬ ಸರಪಣಿಯನ್ನು ಅಳಿಸಿ, ಆ ಜಾಗ ಖಾಲಿ ಎಂದು ಬರೆದುಕೊಳ್ಳುತ್ತದೆ, ಅಷ್ಟೆ. ಪಹಣಿಯಿಂದ ಹೆಸರು ತೆಗೆದರೂ ಹೊಲದಲ್ಲಿ ಬೆಳೆ ನಿಂತೇ ಇರುವ ಹಾಗೆ. ಬೇರೆ ಯಾರಾದರೂ ಅಲ್ಲಿ ಉತ್ತು ಬಿತ್ತಿದರೆ ಮಾತ್ರ ಅದು ಹೋಗುತ್ತದೆ.

ಆದ್ದರಿಂದ ತಕ್ಷಣ ಮಾಡಬೇಕಾದ ಕೆಲಸ ಒಂದೇ: ಆ ಪೆನ್ ಡ್ರೈವ್‌ಗೆ ಹೊಸದಾಗಿ ಏನನ್ನೂ ಬರೆಯದಿರುವುದು. ಇಜೆಕ್ಟ್ ಮಾಡಿ ಹೊರತೆಗೆಯಿರಿ. ವರದಿಯ ಇನ್ನೊಂದು ಪ್ರತಿ ಹುಡುಕಿ ಅದಕ್ಕೇ ಹಾಕುವುದು, ಫಾರ್ಮ್ಯಾಟ್ ಮಾಡುವುದು, "ಸ್ಕ್ಯಾನ್ ಮಾಡಿ ಸರಿಪಡಿಸಬೇಕೇ" ಎಂದು ಕೇಳಿದಾಗ ಒಪ್ಪುವುದು, ಇವೆಲ್ಲ ಅಪಾಯ. ಕಂಟ್ರೋಲ್ ಝಡ್ ಇಲ್ಲಿ ಕೆಲಸಕ್ಕೆ ಬಾರದು.

ಹುಡುಕುವ ಕೆಲಸವನ್ನು ನೆಮ್ಮದಿಯಾಗಿ ಮನೆಯಲ್ಲೇ ಮಾಡಬಹುದು. ವಿಂಡೋಸ್ 10ರ 2020ರ ಆವೃತ್ತಿಯಿಂದೀಚೆಗೆ ಮೈಕ್ರೋಸಾಫ್ಟ್‌ನದೇ ಉಚಿತ ಸಾಧನ 'ವಿಂಡೋಸ್ ಫೈಲ್ ರಿಕವರಿ' ಸ್ಟೋರ್‌ನಲ್ಲಿ ಸಿಗುತ್ತದೆ. ಅದನ್ನು ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಮಾಡಿಕೊಂಡ ಮೇಲೆಯೇ ಪೆನ್ ಡ್ರೈವ್ ಸಿಕ್ಕಿಸಿ. ಅದಕ್ಕೆ E: ಎಂಬ ಅಕ್ಷರ ಬಂದಿದ್ದರೆ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಟೈಪ್ ಮಾಡಬೇಕು:

```
winfr E: C: /extensive /n *.docx
```

ಮೊದಲನೆಯದು ಹುಡುಕುವ ಡ್ರೈವ್, ಎರಡನೆಯದು ಸಿಕ್ಕಿದ್ದನ್ನು ಇಡುವ ಜಾಗ. ಇವೆರಡೂ ಬೇರೆಯಾಗಿರಲೇಬೇಕು, ಏಕೆಂದರೆ ಮರಳಿ ಸಿಕ್ಕಿದ ಫೈಲನ್ನು ಅದೇ ಪೆನ್ ಡ್ರೈವ್‌ಗೆ ಬರೆದರೆ ಇನ್ನೂ ಸಿಗಬೇಕಾದ ತುಂಡುಗಳ ಮೇಲೆಯೇ ಅದು ಕೂರಬಹುದು. ಕಮಾಂಡ್ ಬಳಸಲು ಅಳುಕುವವರಿಗೆ ರೆಕುವಾ ಇದೆ. ಫೋಟೊಗಳಿಗೆ ಫೋಟೊರೆಕ್ ಒಳ್ಳೆಯದು. ಆದರೆ ಅದು ಪಟ್ಟಿಯನ್ನು ನೋಡದೆ ತುಂಡುಗಳನ್ನೇ ಓದುವುದರಿಂದ ಹಳೆಯ ಹೆಸರುಗಳು ಸಿಗುವುದಿಲ್ಲ.

ಫೈಲು ಪಟ್ಟಿಯಲ್ಲಿ ಕಂಡಿತೆಂದ ಮಾತ್ರಕ್ಕೆ ಗೆದ್ದಂತಲ್ಲ. ಸರಪಣಿ ಅಳಿದಿರುವುದರಿಂದ, 256 ತುಂಡುಗಳೂ ಸಾಲಾಗಿ ಕೂತಿದ್ದವು ಎಂದೇ ಇಂಥ ಸಾಧನಗಳು ಸಾಮಾನ್ಯವಾಗಿ ಊಹಿಸುತ್ತವೆ. ಒಮ್ಮೆಗೇ ನಕಲು ಮಾಡಿದ ಫೈಲಾದರೆ ಈ ಊಹೆ ಬಹುತೇಕ ಸರಿ. ತುಂಬಿ ತುಳುಕುವ ಪೆನ್ ಡ್ರೈವ್‌ನಲ್ಲಿ ತಿದ್ದಿ ತಿದ್ದಿ ಸೇವ್ ಮಾಡಿದ್ದರೆ ತುಂಡುಗಳು ಚದುರಿರಬಹುದು. ಆಗ ವರ್ಡ್ ಫೈಲು ತೆರೆಯುವುದಿಲ್ಲ. ಫೋಟೊ ಆದರೆ ಅರ್ಧ ಸರಿಯಾಗಿದ್ದು ಉಳಿದದ್ದು ಬೂದು ಬಣ್ಣದ ಪಟ್ಟಿಯಾಗುತ್ತದೆ. ಗಾತ್ರ ಸರಿಯಿದೆ ಎಂದು ನಂಬದೆ, ವರದಿಯನ್ನು ತೆರೆದು ಕೊನೆಯ ಪುಟದವರೆಗೂ ನೋಡಿ, ಕಂಪ್ಯೂಟರ್‌ನಲ್ಲಿ ಒಂದು ಪ್ರತಿ ಉಳಿಸಿಕೊಂಡ ನಂತರವೇ ಆ ಪೆನ್ ಡ್ರೈವನ್ನು ಮತ್ತೆ ಬಳಸಿ.