ಫ್ಲೆಕ್ಸ್ ಅಂಗಡಿಗೆ ಕೊಡಬೇಕಾದ ಒಂದು ಪುಟ

ಧಾರವಾಡದಲ್ಲಿ ಶೇಂಗಾ ಚಟ್ನಿ ಮಾಡಿ ಮಾರುವ ಒಂದು ಪುಟ್ಟ ಉದ್ಯಮ ಇದೆ ಎಂದಿಟ್ಟುಕೊಳ್ಳಿ. ಪ್ಯಾಕೆಟ್ ಮೇಲೆ ಕುಂಕುಮಗೆಂಪಾಗಿದ್ದ ಲೋಗೊ ಅಂಗಡಿ ಬೋರ್ಡಿನಲ್ಲಿ ಕಿತ್ತಳೆಗೆ ತಿರುಗಿದೆ, ವಿಸಿಟಿಂಗ್ ಕಾರ್ಡಿನಲ್ಲಿ ಕಂದಾಗಿದೆ. ಪ್ರೆಸ್ಸಿನವರ ತಪ್ಪೇನಿಲ್ಲ. ಪ್ರತಿ ಸಲವೂ ಫೋನಿನಲ್ಲಿ ಅವರಿಗೆ ಸಿಕ್ಕ ಸೂಚನೆ "ಕೆಂಪು" ಎಂಬುದಷ್ಟೇ. ಬ್ರ್ಯಾಂಡ್ ಕೈಪಿಡಿ ಬೇಕಾಗುವುದು ಇಲ್ಲೇ. ದೊಡ್ಡ ಕಂಪನಿಗಳದ್ದು ನೂರಾರು ಪುಟ ಇದ್ದೀತು, ನಮಗೆ ಒಂದು ಪುಟ ಸಾಕು.

ಬಣ್ಣವನ್ನು ಹೆಸರಿನಿಂದ ಹೇಳದೆ ಅಂಕಿಯಲ್ಲಿ ಬರೆಯಿರಿ. ಮೊಬೈಲ್ ಪರದೆಗೆ ನಮ್ಮ ಕುಂಕುಮಗೆಂಪು #7A1F2B. ಆದರೆ ಪರದೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಪ್ರೆಸ್ಸು ನಾಲ್ಕು ಶಾಯಿಗಳಿಂದ. ಹಾಗಾಗಿ ಮುದ್ರಣಕ್ಕೆ ಸಿಎಂವೈಕೆ ಅಂಕಿಗಳನ್ನೂ ಬೇರೆಯಾಗಿ ಕೊಡಬೇಕು. ಸಯಾನ್ 30, ಮೆಜೆಂಟಾ 95, ಹಳದಿ 75, ಕಪ್ಪು 40 ಎಂದು ಶುರುಮಾಡಿ, ನಿಜವಾದ ಪೌಚಿನ ಮೇಲೆ ಒಂದು ನಮೂನೆ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ ತಿದ್ದಿಕೊಳ್ಳಿ. ಒಪ್ಪಿದ ನಮೂನೆಯನ್ನು ಜೋಪಾನವಾಗಿಡಿ, ಮುಂದಿನ ಸಲ ಹೋಲಿಸಲು ಅದೇ ಆಧಾರ. ಹೊಳೆಯುವ ನಿಯಾನ್ ಬಣ್ಣಗಳನ್ನು ಮಾತ್ರ ಆರಿಸಬೇಡಿ. ಈ ನಾಲ್ಕು ಶಾಯಿಗಳಿಂದ ಅವು ಬರುವುದೇ ಇಲ್ಲ.

ಲೋಗೊದ ಸುತ್ತ ಬಿಡಬೇಕಾದ ಖಾಲಿ ಜಾಗವನ್ನು ಸೆಂಟಿಮೀಟರಿನಲ್ಲಿ ಹೇಳಿದರೆ ಪ್ರಯೋಜನವಿಲ್ಲ, ಏಕೆಂದರೆ ಕಾರ್ಡಿನ ಅಳತೆ ಬೇರೆ, ಬೋರ್ಡಿನ ಅಳತೆ ಬೇರೆ. ಲೋಗೊದಲ್ಲಿರುವ 'ಚ' ಅಕ್ಷರದ ಎತ್ತರವನ್ನೇ ಅಳತೆಗೋಲು ಮಾಡಿಕೊಳ್ಳಿ, ನಾಲ್ಕೂ ಕಡೆ ಅಷ್ಟು ಜಾಗ ಬಿಡಿ. ಕನ್ನಡದಲ್ಲಿ ಇನ್ನೊಂದು ಎಚ್ಚರ ಬೇಕು. 'ಚಟ್ನಿ' ಎಂದು ಬರೆದಾಗ ನ-ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಅಳತೆ ಶುರುವಾಗಬೇಕಾದ್ದು ಆ ತುದಿಗಳಿಂದ. ಇಲ್ಲವಾದರೆ ಸಸ್ಯಾಹಾರದ ಹಸಿರು ಗುರುತೋ ಎಫ್‌ಎಸ್‌ಎಸ್‌ಎಐ ನಂಬರೋ ಬಂದು ಒತ್ತಿಗೆ ತಾಗುತ್ತದೆ.

ಹೆಚ್ಚು ಕೆಡುವುದು ಅಕ್ಷರಗಳಲ್ಲಿ. ಹೆಸರಿಗೆ ಬಲೂ ತಮ್ಮ 2, ವಿವರಗಳಿಗೆ ನೋಟೊ ಸಾನ್ಸ್ ಕನ್ನಡ ಎಂದು ಗೊತ್ತುಮಾಡಬಹುದು. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ, ವ್ಯಾಪಾರಕ್ಕೂ ಬಳಸಬಹುದು. ಆದರೆ ಇವು ಯೂನಿಕೋಡ್ ಫಾಂಟುಗಳು. ಹಳೆಯ ಕೋರೆಲ್‌ಡ್ರಾ ಇರುವ ಅಂಗಡಿಯಲ್ಲಿ ಯೂನಿಕೋಡ್ ಪಠ್ಯ ಅಂಟಿಸಿದರೆ ಒತ್ತಕ್ಷರ ಒಡೆದು 'ಚಟ್ನಿ' ಹೋಗಿ 'ಚಟ್‌ನಿ' ಆಗುತ್ತದೆ. ಅದಕ್ಕೇ ಅಕ್ಷರಗಳನ್ನು ಮೊದಲೇ ಕರ್ವ್ಸ್‌ಗೆ, ಅಂದರೆ ಬರಿಯ ಆಕಾರಗಳಿಗೆ ಬದಲಾಯಿಸಿ ಪಿಡಿಎಫ್ ಕೊಡಬೇಕು. ಹಾಗೆ ಮಾಡಿದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ, ತಿದ್ದಬಹುದಾದ ಮೂಲ ಕಡತ ನಿಮ್ಮಲ್ಲೇ ಇರಲಿ.

ಲೋಗೊವನ್ನು ವಾಟ್ಸ್‌ಆ್ಯಪಿನಲ್ಲಿ ಫೋಟೊ ಆಗಿ ಕಳಿಸಬೇಡಿ, ಅದು ಕುಗ್ಗಿ ಫ್ಲೆಕ್ಸಿನ ಮೇಲೆ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಪಿಡಿಎಫ್ ಕಳಿಸಿ, ಈ ಪುಟವನ್ನೂ ಜೊತೆಗಿಡಿ, ಪ್ರೂಫ್ ನೋಡದೆ ಮುದ್ರಣಕ್ಕೆ ಒಪ್ಪಿಗೆ ಕೊಡಬೇಡಿ.