ಓಟದ ಕಾಲಿಗೆ ಚೀಲ, ಲೇಸು, ಜಿಡ್ಡು

ಬೊಬ್ಬೆ ಏಳುವುದು ಚರ್ಮದ ಮೇಲ್ಭಾಗ ಉಜ್ಜಿಹೋಗುವುದರಿಂದ ಎಂದೇ ಹೆಚ್ಚಿನವರ ನಂಬಿಕೆ. ಪೆಟ್ಟು ಬೀಳುವುದು ಒಳಗೆ. ಹೆಜ್ಜೆ ಊರಿದಾಗಲೆಲ್ಲ ಪಾದದ ಮೂಳೆ ಹಿಂದೆ ಮುಂದೆ ಜರುಗುತ್ತದೆ. ಬೆವರಿಗೆ ಒದ್ದೆಯಾದ ಚರ್ಮ ಕಾಲುಚೀಲಕ್ಕೆ ಅಂಟಿ ನಿಂತಲ್ಲೇ ನಿಲ್ಲುತ್ತದೆ. ಈ ಎಳೆದಾಟ ಸಾವಿರಾರು ಸಲ ನಡೆದಾಗ ಚರ್ಮದ ಪದರಗಳು ಒಳಗೇ ಬಿಟ್ಟುಕೊಳ್ಳುತ್ತವೆ, ಆ ಸಂದಿಗೆ ನೀರು ತುಂಬುತ್ತದೆ.

ಹತ್ತಿಯ ಕಾಲುಚೀಲ ಬೇಡ ಎನ್ನುವುದು ಇದಕ್ಕೇ. ಅದು ಬೆವರನ್ನು ಹೀರಿ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ನೈಲಾನ್, ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆಯದು ವಾಸಿ. ಎರಡು ಪದರದ ಚೀಲದಲ್ಲಿ ಜಾರಾಟ ಪದರಗಳ ನಡುವೆಯೇ ನಡೆದು ಚರ್ಮಕ್ಕೆ ಬಿಡುವು ಸಿಗುತ್ತದೆ. ಬೆರಳ ಸಂದಿಯಲ್ಲೇ ಬೊಬ್ಬೆ ಬರುವವರಿಗೆ ಬೆರಳು ಬೆರಳಿಗೂ ಗೂಡಿರುವ ಚೀಲ ಹೊಂದುತ್ತದೆ.

ಜಿಡ್ಡಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ವ್ಯಾಸಲೀನ್ ಹಚ್ಚಿದ ಮೊದಲ ಒಂದು ಗಂಟೆ ಚರ್ಮ ಚೆನ್ನಾಗಿ ಜಾರುತ್ತದೆ. ಆಮೇಲೆ ಆ ಗುಣ ಇಳಿಯುತ್ತಾ ಬರುತ್ತದೆ. ಮೂರು ಗಂಟೆಯ ಹೊತ್ತಿಗೆ ಏನೂ ಹಚ್ಚದ ಚರ್ಮಕ್ಕಿಂತ ಹೆಚ್ಚಾಗಿಯೇ ಅಂಟಬಹುದು. ಹಾಗಾಗಿ ನಾಲ್ಕೈದು ಗಂಟೆ ಓಡುವವರು ಸಣ್ಣ ಡಬ್ಬಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ದಾರಿಯಲ್ಲಿ ಮತ್ತೆ ಹಚ್ಚಬೇಕು. ತೊಡೆಯ ಸಂದಿ, ಕಂಕುಳು, ಬನಿಯನ್ ಅಂಚು ತಾಗುವ ಕಡೆಗೆ ಇದು ಸರಿ. ಬೆವರು ಒಣಗಿ ಉಳಿದ ಉಪ್ಪು ಅಲ್ಲಿ ಇನ್ನಷ್ಟು ಕೆರೆಯುತ್ತದೆ, ಹಾಗಾಗಿ ಒರೆಸಿಯೇ ಹಚ್ಚಿ. ಗಂಡಸರ ಮೊಲೆತೊಟ್ಟಿಗೆ ಜಿಡ್ಡಿಗಿಂತ ಟೇಪ್ ಮೇಲು. ಪ್ರತಿ ಸಲ ಬೊಬ್ಬೆ ಏಳುವ ಹಿಮ್ಮಡಿಗೂ ಔಷಧದಂಗಡಿಯ ಅಗ್ಗದ ಪೇಪರ್ ಟೇಪನ್ನು ಮೊದಲೇ ಅಂಟಿಸಿಕೊಳ್ಳಬಹುದು. ಜಿಡ್ಡು ಹಚ್ಚಿದ ಮೇಲೆ ಅದು ನಿಲ್ಲುವುದಿಲ್ಲ.

ಉಗುರಿನ ಕತೆ ಬೇರೆ. ನಂದಿ ಬೆಟ್ಟಕ್ಕೆ ಓಡಿ ಹತ್ತಿದವರು ಇಳಿಯುವಾಗ ನೋಡಿ: ಪಾದ ಬೂಟಿನೊಳಗೆ ಮುಂದಕ್ಕೆ ಜಾರಿ, ಹೆಬ್ಬೆರಳೋ ಪಕ್ಕದ ಬೆರಳೋ ಮೂತಿಗೆ ಬಡಿಯುತ್ತಲೇ ಇರುತ್ತದೆ. ಉಗುರಿನಡಿ ರಕ್ತ ಹೆಪ್ಪುಗಟ್ಟಿ ಕಪ್ಪಾಗುತ್ತದೆ. ಬೂಟು ಬಿಗಿ ಎಂದು ಲೇಸನ್ನು ಪೂರ್ತಿ ಸಡಿಲಿಸಿದರೆ ಜಾರಾಟ ಇನ್ನೂ ಹೆಚ್ಚುತ್ತದೆ. ಹಿಮ್ಮಡಿಯನ್ನು ಹಿಂದೆ ಕೂರಿಸಬೇಕು.

ಬೂಟಿನ ಮೇಲ್ತುದಿಯಲ್ಲಿ ಖಾಲಿ ಬಿಟ್ಟಿರುವ ಜೋಡಿ ತೂತು ಇರುವುದು ಇದಕ್ಕೇ. ಲೇಸನ್ನು ಅಡ್ಡ ಹಾಯಿಸದೆ, ಆಯಾ ಬದಿಯ ಕೊನೆಯ ತೂತಿಗೇ ಹೊರಗಿನಿಂದ ಒಳಕ್ಕೆ ತೂರಿಸಿ. ಎರಡೂ ಕಡೆ ಒಂದೊಂದು ಕುಣಿಕೆಯಾಗುತ್ತದೆ. ಬಲ ತುದಿಯನ್ನು ಎಡ ಕುಣಿಕೆಯಲ್ಲಿ, ಎಡ ತುದಿಯನ್ನು ಬಲ ಕುಣಿಕೆಯಲ್ಲಿ ಹಾಯಿಸಿ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಹಿಡಿದು, ತುದಿಗಳನ್ನು ಕೆಳಕ್ಕೆ ಎಳೆದು ಗಂಟು ಹಾಕಿ. ಬೆರಳಿನ ಕಡೆಯ ಲೇಸು ಸಡಿಲವೇ ಇರಲಿ. ಮೇಲ್ಪಾದ ಜುಮ್ಮೆಂದರೆ ಬಿಗಿ ಹೆಚ್ಚಾಯಿತೆಂದು ಅರ್ಥ.

ಬೂಟೇ ಗಿಡ್ಡವಾಗಿದ್ದರೆ ಯಾವ ಗಂಟೂ ಕೆಲಸ ಮಾಡದು. ಪಾದ ಊದಿರುವ ಸಂಜೆಯ ಹೊತ್ತಿಗೆ ಅಂಗಡಿಗೆ ಹೋಗಿ, ಎದ್ದು ನಿಂತು, ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿದೆಯೇ ನೋಡಿ. ಕಪ್ಪಾದ ಉಗುರನ್ನು ಕೀಳಬೇಡಿ, ತಾನಾಗಿ ಉದುರಲಿ. ಮಿಡಿದು ಮಿಡಿದು ನೋಯುತ್ತಿದ್ದರೆ ವೈದ್ಯರು ಉಗುರಿಗೆ ಸಣ್ಣ ತೂತು ಮಾಡಿ ರಕ್ತ ಬಿಡುತ್ತಾರೆ. ಹೆಬ್ಬೆರಳಿಗೆ ಹೊಸ ಉಗುರು ಪೂರ್ತಿ ಬರಲು ಒಂದರಿಂದ ಒಂದೂವರೆ ವರ್ಷ ಬೇಕು.