ಹಾಲಿನ ಅಲರ್ಜಿ: ಶಾಲೆಗೊಂದು ಪತ್ರ, ಮಗುವಿಗೊಂದು ಡಬ್ಬಿ

ಹಾಲಿನ ಅಲರ್ಜಿ ಇರುವ ಮಗುವಿನ ತಂದೆತಾಯಿ ಶಾಲೆಗೆ ಕೊಡುವ ಪತ್ರ ಮುಖ್ಯ ಶಿಕ್ಷಕರ ಕಡತ ಸೇರಿದರೆ ಸಾಲದು. ತರಗತಿಯ ಶಿಕ್ಷಕಿ, ಬಿಸಿಯೂಟ ಬಡಿಸುವವರು, ಆಟದ ಮೇಷ್ಟ್ರು ಎಲ್ಲರೂ ಅದನ್ನು ಓದಬೇಕು. ಆದ್ದರಿಂದ ಅದು ಒಂದು ಪುಟ ಮೀರದೆ, ಯಾರಿಗೂ ಅನುಮಾನ ಉಳಿಸದಂತೆ ಇರಬೇಕು. ‘ನಮ್ಮ ಮಗುವಿಗೆ ಹಾಲು ಆಗುವುದಿಲ್ಲ’ ಎಂದಷ್ಟೇ ಬರೆದರೆ ಓದಿದವರು ಹಾಲಿನ ಲೋಟವನ್ನು ತಪ್ಪಿಸುತ್ತಾರೆ, ಮಧ್ಯಾಹ್ನ ಮಜ್ಜಿಗೆ ಬಡಿಸುತ್ತಾರೆ.

ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಸೇರುವ ಆರು ವರ್ಷದ ಹುಡುಗಿಯೊಬ್ಬಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಅವಳ ಪತ್ರ ಹೀಗೆ ಶುರುವಾಗಬೇಕು: ‘ನಮ್ಮ ಮಗಳಿಗೆ ಹಾಲಿನ ಅಲರ್ಜಿ ಇದೆ ಎಂದು ಮಕ್ಕಳ ವೈದ್ಯರು ಹೇಳಿದ್ದಾರೆ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಪನೀರ್, ಖೋವಾ ಯಾವುದನ್ನೂ ಒಂದು ಚಮಚದಷ್ಟೂ ದಯವಿಟ್ಟು ಕೊಡಬೇಡಿ. ತಿಂದ ಕೆಲವೇ ನಿಮಿಷಗಳಲ್ಲಿ ಅವಳ ತುಟಿ ಊದಿಕೊಂಡು ಮೈಮೇಲೆ ದದ್ದು ಏಳುತ್ತವೆ. ಹೋದ ವರ್ಷ ಒಮ್ಮೆ ಉಸಿರಾಟಕ್ಕೂ ತೊಂದರೆಯಾಗಿತ್ತು.’ ಎಲ್ಲ ಹೆಸರನ್ನೂ ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಅಲರ್ಜಿ ಹುಟ್ಟಿಸುವುದು ಹಾಲಿನಲ್ಲಿರುವ ಕೇಸಿನ್, ವೇ ಎಂಬ ಪ್ರೋಟೀನುಗಳು. ಮಗುವಿನ ದೇಹದ ರಕ್ಷಣಾ ವ್ಯವಸ್ಥೆ ಅವನ್ನು ಶತ್ರುವೆಂದು ತಿಳಿದು ಎದುರು ಬೀಳುತ್ತದೆ. ಹಾಲನ್ನು ಕುದಿಸಿದರೂ ಹೆಪ್ಪು ಹಾಕಿದರೂ ಆ ಪ್ರೋಟೀನು ಹೋಗುವುದಿಲ್ಲ. ತುಪ್ಪ ಬಹುಪಾಲು ಕೊಬ್ಬೇ ಆದರೂ ಅದರಲ್ಲಿ ಪ್ರೋಟೀನಿನ ಅಂಶ ಚೂರು ಉಳಿದಿರುತ್ತದೆ. ಎಮ್ಮೆ ಮತ್ತು ಮೇಕೆಯ ಹಾಲಿನ ಪ್ರೋಟೀನುಗಳು ಹಸುವಿನ ಹಾಲಿನವನ್ನೇ ಹೋಲುವುದರಿಂದ ಅವೂ ಬದಲಿಗೆ ಬರುವುದಿಲ್ಲ.

ಇದನ್ನು ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆಯೊಂದಿಗೆ ಬೆರೆಸುವುದು ಸಾಮಾನ್ಯ. ಆ ತೊಂದರೆ ಹಾಲಿನ ಸಕ್ಕರೆಗೆ ಸಂಬಂಧಿಸಿದ್ದು. ಹೊಟ್ಟೆ ಉಬ್ಬರ, ಭೇದಿ ಕಾಡಿದರೂ ಪ್ರಾಣಕ್ಕೆ ಅಪಾಯವಿಲ್ಲ, ಅಂಥವರಲ್ಲಿ ಹಲವರಿಗೆ ಸ್ವಲ್ಪ ಮೊಸರು ಒಗ್ಗುತ್ತದೆ. ಅಲರ್ಜಿ ಇರುವ ಮಗುವಿಗೆ ಆ ಸ್ವಲ್ಪವೇ ಸಾಕು, ಉಸಿರು ಕಟ್ಟಬಹುದು. ‘ಒಂದು ಗುಟುಕು ಕುಡಿದರೆ ಏನೂ ಆಗಲ್ಲ, ಅಭ್ಯಾಸ ಆಗುತ್ತೆ’ ಎಂದು ಪ್ರೀತಿಯಿಂದಲೇ ಒತ್ತಾಯಿಸುವವರು ಎಲ್ಲ ಶಾಲೆಗಳಲ್ಲೂ ಇರುತ್ತಾರೆ. ಪತ್ರ ಮುಖ್ಯವಾಗಿ ಅವರಿಗಾಗಿ.

ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯ ಯೋಜನೆಯಡಿ ಮಕ್ಕಳಿಗೆ ಹಾಲು ಕೊಡಲಾಗುತ್ತಿದೆ. ಇತ್ತೀಚೆಗೆ ವಾರದ ಕೆಲವು ದಿನ ಅದೇ ಹಾಲಿಗೆ ರಾಗಿ ಮಾಲ್ಟ್ ಬೆರೆಸುವುದೂ ಇದೆ. ಬಣ್ಣ ಬದಲಾದಾಗ ಅದು ಹಾಲಲ್ಲ, ರಾಗಿ ಗಂಜಿ ಎಂದು ಮಗುವೂ ಬಡಿಸುವವರೂ ತಿಳಿಯಬಹುದು. ಹಾಗಾಗಿ ಪತ್ರದಲ್ಲಿ ಮಾಲ್ಟ್‌ನ ಹೆಸರು ಬೇರೆಯಾಗಿಯೇ ಇರಬೇಕು. ಹಾಲಿನ ಲೋಟವನ್ನೇ ತೊಳೆದು ಅವಳಿಗೆ ನೀರು ಕೊಡುವ ಬದಲು, ಮನೆಯಿಂದ ತಂದ ಹೆಸರು ಬರೆದ ಲೋಟವನ್ನು ಬಳಸಲು ಕೋರಬಹುದು. ಬಿಸಿಯೂಟದ ಒಗ್ಗರಣೆ ಎಣ್ಣೆಯದೋ ತುಪ್ಪದ್ದೋ ಎಂಬುದನ್ನು ಅಡುಗೆಯವರ ಹತ್ತಿರವೇ ನಿಂತು ಕೇಳಿ ತಿಳಿದುಕೊಳ್ಳುವುದು ಮೇಲು. ಅದು ಖಚಿತವಾಗುವವರೆಗೆ ಡಬ್ಬಿಯೇ ಗತಿ.

ಡಬ್ಬಿಯ ವಿಷಯದಲ್ಲಿ ನಮ್ಮ ಅಡುಗೆಮನೆ ಉದಾರವಾಗಿದೆ. ಇಡ್ಲಿ, ನೀರುದೋಸೆ, ಅಕ್ಕಿರೊಟ್ಟಿ, ರಾಗಿರೊಟ್ಟಿ, ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿ, ಎಣ್ಣೆಯಲ್ಲಿ ಮಾಡಿದ ಉಪ್ಪಿಟ್ಟು, ತುಪ್ಪ ಸವರದ ಚಪಾತಿ, ಪಲ್ಯ ಇವುಗಳಿಗೆ ಹಾಲು ಬೇಕಿಲ್ಲ. ಕಾಯಿಚಟ್ನಿ ಮೊಸರಿಲ್ಲದೆಯೂ ಚೆನ್ನಾಗಿರುತ್ತದೆ. ಕಾಯಿಹಾಲು ಹೆಸರಿಗಷ್ಟೇ ಹಾಲು, ಅದರ ಪಾಯಸವನ್ನು ಈ ಮಗು ತಿನ್ನಬಹುದು. ಹಾಲು ಬಿಟ್ಟ ಮಗುವಿಗೆ ಸುಣ್ಣದ ಅಂಶ ಕಡಿಮೆಯಾಗದಂತೆ ನೋಡಿಕೊಳ್ಳಬೇಕಾದ್ದರಿಂದ ವಾರಕ್ಕೆ ಮೂರ್ನಾಲ್ಕು ದಿನ ರಾಗಿ ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪ್ರೋಟೀನಿಗೆ ಹೆಸರುಕಾಳು, ಕಡಲೆಕಾಳಿನ ಉಸಲಿ ಸಾಕಾಗುತ್ತವೆ. ತಿನ್ನುವ ಮನೆಯಾದರೆ ಮೊಟ್ಟೆಯೂ ಆಗುತ್ತದೆ, ಅದಕ್ಕೆ ಬೇರೆ ಅಲರ್ಜಿ ಇಲ್ಲದಿದ್ದರೆ.

ಅಪಾಯ ಇರುವುದು ಹಾಲು ಕಾಣಿಸದ ತಿಂಡಿಗಳಲ್ಲಿ. ರವೆಇಡ್ಲಿಯನ್ನು ಮೊಸರಿನಲ್ಲಿ ಕಲಸುತ್ತಾರೆ. ರವೆದೋಸೆಗೆ ಮಜ್ಜಿಗೆ ಬೀಳುವುದುಂಟು. ಚಕ್ಕುಲಿಯ ಹಿಟ್ಟಿಗೆ ಬೆಣ್ಣೆ ಹಾಕಿದರೆ ಗರಿಗರಿಯಾಗುತ್ತದೆ ಎಂಬುದು ಹೆಂಗಸರಿಗೆಲ್ಲ ಗೊತ್ತು, ತಿನ್ನುವ ಮಗುವಿಗೆ ಗೊತ್ತಿರುವುದಿಲ್ಲ. ಹೋಳಿಗೆ, ಬಿಸಿಬೇಳೆ ಬಾತ್, ಪೊಂಗಲ್ ತುಪ್ಪವಿಲ್ಲದೆ ಬರುವುದು ಅಪರೂಪ. ಅಂಗಡಿಯ ಬಿಸ್ಕತ್ತು, ಬ್ರೆಡ್ಡು, ಚಾಕೊಲೇಟುಗಳ ಪೊಟ್ಟಣದ ಹಿಂಬದಿಯನ್ನು ಪ್ರತಿ ಸಲವೂ ಓದಬೇಕು. ಆಹಾರದಲ್ಲಿ ಹಾಲಿದ್ದರೆ ಅದನ್ನು ಲೇಬಲ್‌ನಲ್ಲಿ ತಿಳಿಸಬೇಕೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಹಾಲಿನ ಪುಡಿ, ಮಿಲ್ಕ್ ಸಾಲಿಡ್ಸ್, ವೇ, ಕೇಸಿನೇಟ್ ಎಂಬವೆಲ್ಲ ಹಾಲೇ. ಬೇಕರಿಯಲ್ಲಿ ತೂಗಿ ಕೊಡುವ ಲೇಬಲ್ ಇಲ್ಲದ ಬಿಸ್ಕತ್ತನ್ನು ಮಾತ್ರ ಬಿಟ್ಟುಬಿಡುವುದೇ ಸರಿ.

ಇಷ್ಟೆಲ್ಲ ಜೋಪಾನ ಮಾಡಿದ ಡಬ್ಬಿಯೂ ಪಕ್ಕದ ಗೆಳತಿ ಒಂದು ತುತ್ತು ಮೊಸರನ್ನ ಹಂಚಿಕೊಂಡರೆ ವ್ಯರ್ಥ. ಹಂಚಿ ತಿನ್ನಬೇಕೆಂದು ಮಕ್ಕಳಿಗೆ ನಾವೇ ಕಲಿಸಿರುತ್ತೇವೆ, ಆದ್ದರಿಂದ ಈ ವಿನಾಯಿತಿಯನ್ನು ಇಡೀ ತರಗತಿಗೆ ಶಿಕ್ಷಕಿಯೇ ತಿಳಿಸಿ ಹೇಳಬೇಕು. ಮಗುವನ್ನು ಊಟದ ಸಾಲಿನಿಂದ ದೂರ ಕೂರಿಸಬೇಕಾಗಿಲ್ಲ, ಹಾಗೆ ಮಾಡುವುದು ಅನ್ಯಾಯವೂ ಹೌದು. ಊಟವಾದ ಮೇಲೆ ಎಲ್ಲರೂ ಸೋಪು ಹಚ್ಚಿ ಕೈ ತೊಳೆದರೆ ಸಾಕು. ಸ್ಯಾನಿಟೈಸರ್ ರೋಗಾಣುವನ್ನು ಕೊಲ್ಲುತ್ತದೆಯೇ ಹೊರತು ಹಾಲಿನ ಪ್ರೋಟೀನನ್ನು ತೆಗೆಯುವುದಿಲ್ಲ. ಹುಟ್ಟುಹಬ್ಬಕ್ಕೆ ಕೇಕು, ಪೇಡೆ ಬಂದ ದಿನ ಅವಳಿಗೆ ಕೊಡಲೆಂದು ಹಾಲಿಲ್ಲದ ಎಳ್ಳು ಬೆಲ್ಲ ಅಥವಾ ತುಪ್ಪವಿಲ್ಲದ ಕಡಲೆಕಾಯಿ ಚಿಕ್ಕಿಯ ಡಬ್ಬವೊಂದನ್ನು ತರಗತಿಯಲ್ಲೇ ಇಡಬಹುದು. ಎಳ್ಳು, ಕಡಲೆಕಾಯಿ ಅವಳಿಗೆ ಒಗ್ಗುತ್ತವೆ ಎಂದು ಮನೆಯವರಿಗೆ ಮೊದಲೇ ಗೊತ್ತಿರಬೇಕು.

ಪತ್ರದ ಕೊನೆಯ ಭಾಗವನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು, ಗಾಬರಿಯಲ್ಲಿ ಓದುವ ಭಾಗ ಅದು. ದದ್ದು, ತುರಿಕೆ ಮಾತ್ರ ಇದ್ದರೆ ವೈದ್ಯರು ಬರೆದುಕೊಟ್ಟ ಅಲರ್ಜಿ ಔಷಧ ಕೊಟ್ಟು, ಮನೆಗೆ ಫೋನ್ ಮಾಡಿ, ಮಗುವಿನ ಪಕ್ಕದಲ್ಲೇ ಇರಬೇಕು. ಧ್ವನಿ ಕಟ್ಟಿದರೆ, ಬಿಡದೆ ಕೆಮ್ಮಿದರೆ, ಎದೆ ಸುಯ್ಯೆಂದರೆ, ನಾಲಿಗೆ ಊದಿದರೆ, ಮಗು ಬಿಳಿಚಿಕೊಂಡು ತೂಗಾಡಿದರೆ ಆ ಔಷಧ ಸಾಲದು. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು, ತೊಡೆಯ ಹೊರಬದಿಯ ಸ್ನಾಯುವಿಗೆ. ವೈದ್ಯರು ಅದನ್ನು ಶಾಲೆಯಲ್ಲಿ ಇಡಲು ಕೊಟ್ಟಿದ್ದರೆ ತರಬೇತಿ ಪಡೆದವರು ತಡಮಾಡದೆ ಕೊಡಬೇಕು. ಇಲ್ಲದಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ, ಅದು ಸಿಗುವ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಯಾವ ಆಸ್ಪತ್ರೆ ಎಂಬುದನ್ನು ಪೋಷಕರು ಮೊದಲೇ ವಿಚಾರಿಸಿ ಪತ್ರದಲ್ಲಿ ಬರೆದಿರಬೇಕು. ಅಲ್ಲಿಯತನಕ ಮಗುವನ್ನು ಮಲಗಿಸಿ ಕಾಲು ಎತ್ತರಿಸಬೇಕು, ಉಸಿರಾಟ ಕಷ್ಟವಾದರೆ ಕೂರಿಸಬೇಕು, ನಡೆಸಬಾರದು. ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ನಂತರ ಲಕ್ಷಣಗಳು ಮರುಕಳಿಸಬಹುದು, ಅದಕ್ಕೇ ಆಸ್ಪತ್ರೆಯಲ್ಲಿ ನಿಗಾ ಬೇಕು.

ಪತ್ರದ ಜತೆ ವೈದ್ಯರ ಚೀಟಿ, ಎರಡು ಫೋನ್ ನಂಬರು, ಮಗುವಿನ ಫೋಟೊ ಇರಬೇಕು. ಪ್ರತಿ ವರ್ಷ ಶಾಲೆ ಶುರುವಾಗುವಾಗ ಅದನ್ನು ಹೊಸದಾಗಿ ಬರೆಯಬೇಕು. ಮಗುವಿನ ತೂಕ ಹೆಚ್ಚಿದಂತೆ ಔಷಧದ ಪ್ರಮಾಣ ಬದಲಾಗುತ್ತದೆ, ಇಟ್ಟ ಔಷಧದ ಅವಧಿಯೂ ಮುಗಿದಿರಬಹುದು. ಬೆಳೆಯುತ್ತಾ ಹೋದಂತೆ ಅನೇಕ ಮಕ್ಕಳಲ್ಲಿ ಈ ಅಲರ್ಜಿ ಕಡಿಮೆಯಾಗುತ್ತದೆ. ಕೆಲವರಿಗೆ ಮೊದಲು ಓವನ್ನಿನಲ್ಲಿ ಚೆನ್ನಾಗಿ ಬೆಂದ ಕೇಕಿನೊಳಗಿನ ಹಾಲು ಒಗ್ಗುತ್ತದೆ, ಲೋಟದ ಹಾಲು ಆಮೇಲೆ. ಅದನ್ನು ಪರೀಕ್ಷಿಸುವ ಜಾಗ ಆಸ್ಪತ್ರೆ, ತರಗತಿಯಲ್ಲ. ವೈದ್ಯರು ಒಪ್ಪಿಗೆ ಕೊಟ್ಟು ಪೋಷಕರು ಹೊಸ ಪತ್ರ ತಂದುಕೊಡುವವರೆಗೆ ಹಳೆಯ ಪತ್ರದ ಪಟ್ಟಿಯೇ ನಡೆಯಬೇಕು.